ಬ್ಯಾಂಕಿನಲ್ಲಿ 1,05,000 ಇದೆ, ಲೆಕ್ಕದಲ್ಲಿ ನಷ್ಟ ಯಾಕೆ?

ಪ್ರಶ್ನೆ: ನಾವಿಬ್ಬರು ಸೇರಿ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇವೆ. ವರ್ಷದ ಚಂದಾ 1,200, ಪೂರ್ತಿ ಮೊದಲೇ ಕಟ್ಟಬೇಕು. ಶುರು ಮಾಡಿದ ತಿಂಗಳಲ್ಲೇ 100 ಜನ ಸೇರಿದರು. ಇನ್ನು ಮುಂದೆ ತಿಂಗಳಿಗೆ 10 ಜನ ಬರಬಹುದು ಅಂತ ಅಂದಾಜು. ಎಲ್ಲ ಸೇರಿ ಖರ್ಚು ತಿಂಗಳಿಗೆ 15,000. ನನ್ನ ಪ್ರಕಾರ ಮೊದಲ ತಿಂಗಳ ಲಾಭ 1,05,000. ಆದರೆ ಹೊಸದಾಗಿ ಬಂದ ಅಕೌಂಟೆಂಟ್ ಅಕ್ರೂಯಲ್ ಲೆಕ್ಕ ಹಾಕಿ 5,000 ನಷ್ಟ ಅಂತ ತೋರಿಸಿದ್ದಾರೆ. ದುಡ್ಡು ಬ್ಯಾಂಕಿನಲ್ಲಿ ಕಣ್ಣಿಗೆ ಕಾಣುತ್ತಿರುವಾಗ ನಷ್ಟ ಹೇಗಾಯಿತು? ನನ್ನ ಪಾಲುದಾರರು 80,000 ತೆಗೆದು ಹಂಚಿಕೊಳ್ಳೋಣ ಅನ್ನುತ್ತಿದ್ದಾರೆ. ಯಾವ ಲೆಕ್ಕ ನಂಬಲಿ? ಲೆಕ್ಕದ ಪುಸ್ತಕವನ್ನೆಲ್ಲ ಬದಲಾಯಿಸಬೇಕಾ?

ಉತ್ತರ: ಎರಡು ಲೆಕ್ಕವೂ ಸರಿ. 80,000 ತೆಗೆಯುವುದು ಮಾತ್ರ ಸರಿಯಲ್ಲ. ಯಾಕೆ ಅಂತ ನಿಮ್ಮದೇ ಅಂಕಿಗಳಲ್ಲಿ ನೋಡೋಣ.

ನಿಮ್ಮದು ಕ್ಯಾಶ್ ಲೆಕ್ಕ. ದುಡ್ಡು ಬಂದ ದಿನ ಆದಾಯ, ದುಡ್ಡು ಹೋದ ದಿನ ಖರ್ಚು. 1,20,000 ಬಂತು, 15,000 ಹೋಯಿತು, 1,05,000 ಉಳಿಯಿತು. ಇದರಲ್ಲಿ ತಪ್ಪೇನೂ ಇಲ್ಲ. ಅಕೌಂಟೆಂಟ್ ಕೇಳಿಕೊಂಡ ಪ್ರಶ್ನೆ ಬೇರೆ: ಈ ತಿಂಗಳು ನೀವು ಮಾಡಿಕೊಟ್ಟ ಕೆಲಸಕ್ಕೆ ಎಷ್ಟು ದುಡ್ಡು ಸಲ್ಲುತ್ತದೆ? 1,200 ಕಟ್ಟಿದವರಿಗೆ ನೀವು ಹನ್ನೆರಡು ತಿಂಗಳ ಸೇವೆ ಕೊಡಬೇಕು. ಇಲ್ಲಿಯವರೆಗೆ ಕೊಟ್ಟಿರುವುದು ಒಂದೇ ತಿಂಗಳದ್ದು. ಅಂದರೆ ಒಬ್ಬರಿಂದ 100, ನೂರು ಜನರಿಂದ 10,000. ಖರ್ಚು 15,000. ಹಾಗಾಗಿ 5,000 ನಷ್ಟ.

ಹಾಗಾದರೆ ಉಳಿದ 1,10,000 ಏನಾಯಿತು? ಅದು ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಯ ಕಡೆ ಕೂತಿದೆ. ಅದಕ್ಕೆ ಡಿಫರ್ಡ್ ರೆವಿನ್ಯೂ ಅನ್ನುತ್ತಾರೆ. ಮಾಸಪತ್ರಿಕೆಗೆ ವರ್ಷದ ಚಂದಾ ಕಟ್ಟಿದವರನ್ನು ನೆನಪಿಸಿಕೊಳ್ಳಿ. ಒಂದು ಸಂಚಿಕೆ ಕಳಿಸಿ ಆಗಿದೆ, ಹನ್ನೊಂದು ಬಾಕಿ ಇದೆ. ಪತ್ರಿಕೆ ನಾಳೆ ನಿಂತರೆ ಓದುಗರು ಬಾಕಿ ದುಡ್ಡು ಕೇಳುತ್ತಾರೆ, ಅಲ್ವಾ? ನಿಮ್ಮ 1,10,000 ಕೂಡ ಅಂಥದ್ದೇ. ದುಡ್ಡು ನಿಮ್ಮ ಬ್ಯಾಂಕಿನಲ್ಲಿದೆ, ಆದರೆ ಅದರ ಕೆಲಸ ಇನ್ನೂ ಬಾಕಿ ಇದೆ.

ಈಗ ವರ್ಷಪೂರ್ತಿ ಏನಾಗುತ್ತದೆ ನೋಡಿ. ಲೆಕ್ಕ ಸುಲಭವಾಗಲಿ ಅಂತ ಎಲ್ಲರೂ ತಿಂಗಳ ಮೊದಲ ದಿನವೇ ಸೇರುತ್ತಾರೆ ಅಂದುಕೊಳ್ಳೋಣ.

ಕ್ಯಾಶ್ ಲೆಕ್ಕದಲ್ಲಿ ಮೊದಲ ತಿಂಗಳು ಹಬ್ಬ. ಎರಡನೇ ತಿಂಗಳಿಂದ 10 ಜನರ 12,000 ಮಾತ್ರ ಬರುತ್ತದೆ, ಖರ್ಚು 15,000. ಪ್ರತಿ ತಿಂಗಳೂ 3,000 ಕಡಿಮೆ ಬೀಳುತ್ತದೆ, ಹನ್ನೊಂದು ತಿಂಗಳೂ ಹೀಗೇ. ವರದಿ ನೋಡಿದವರಿಗೆ ವ್ಯಾಪಾರ ಕುಸಿದಂತೆ ಕಾಣುತ್ತದೆ.

ಅಕ್ರೂಯಲ್ ಲೆಕ್ಕದ ಕಥೆ ಉಲ್ಟಾ. ಮೊದಲ ತಿಂಗಳ ಆದಾಯ 10,000. ತಿಂಗಳು ತಿಂಗಳು 10 ಜನ ಹೊಸಬರು ಸೇರುವುದರಿಂದ ಅದು 1,000 ಏರುತ್ತಾ ಹೋಗುತ್ತದೆ. ಆರನೇ ತಿಂಗಳು 15,000 ಆಗಿ ಖರ್ಚಿಗೆ ಸರಿಹೋಗುತ್ತದೆ. ಹನ್ನೆರಡನೇ ತಿಂಗಳು 21,000 ಆದಾಯ, 6,000 ಲಾಭ. ಅದೇ ಕಂಪನಿ, ಅದೇ ಗ್ರಾಹಕರು. ಒಂದು ವರದಿ ಇಳಿಯುತ್ತದೆ, ಇನ್ನೊಂದು ಏರುತ್ತದೆ. ನೀವು ಬೆಳೆಯುತ್ತಿದ್ದೀರಾ ಅನ್ನುವ ಪ್ರಶ್ನೆಗೆ ಎರಡನೆಯದೇ ಸರಿಯಾದ ಉತ್ತರ. ಗ್ರಾಹಕರು 100ರಿಂದ 210 ಆಗಿದ್ದಾರಲ್ಲ.

ವರ್ಷದ ಕೊನೆಗೆ ಎರಡನ್ನೂ ಪಕ್ಕಪಕ್ಕ ಇಡಿ. ಒಟ್ಟು ಬಂದ ದುಡ್ಡು 2,52,000, ಖರ್ಚು 1,80,000. ಕ್ಯಾಶ್ ಲಾಭ 72,000. ಅಕ್ರೂಯಲ್ ಆದಾಯ 1,86,000, ಲಾಭ 6,000. ವ್ಯತ್ಯಾಸ 66,000. ಈ 66,000 ಎಲ್ಲೂ ಕಾಣೆಯಾಗಿಲ್ಲ. ಎರಡನೇ ತಿಂಗಳಿಂದ ಈಚೆಗೆ ಸೇರಿದ 110 ಜನರ ಚಂದಾದಲ್ಲಿ ಇನ್ನೂ ಸೇವೆ ಕೊಡಬೇಕಾದ ಭಾಗ ಅದು. ಬ್ಯಾಂಕಿನ 72,000ದಲ್ಲಿ 66,000ಕ್ಕೆ ಕೆಲಸ ಬಾಕಿ, 6,000 ದುಡಿದದ್ದು. ಎರಡು ಲೆಕ್ಕದ ವ್ಯತ್ಯಾಸ ಮತ್ತು ಡಿಫರ್ಡ್ ಬಾಕಿ ಹೀಗೆ ತಾಳೆಯಾದರೆ ಚಂದಾವನ್ನು ತಿಂಗಳುಗಳಿಗೆ ಹಂಚಿದ್ದು ಸರಿಯಾಗಿದೆ ಅಂತ ಅರ್ಥ.

ಇನ್ನು ಆ 80,000ದ ವಿಷಯ. ಮೊದಲ ತಿಂಗಳ ಕೊನೆಗೆ ಅದನ್ನು ಹಂಚಿಕೊಂಡಿರಿ ಅನ್ನೋಣ. ಬ್ಯಾಂಕಿನಲ್ಲಿ 25,000 ಉಳಿಯಿತು. ಪ್ರತಿ ತಿಂಗಳು 3,000 ಕರಗುತ್ತದೆ. ಒಂಬತ್ತನೇ ತಿಂಗಳ ಕೊನೆಗೆ 1,000 ಇರುತ್ತದೆ. ಹತ್ತನೇ ತಿಂಗಳು ಖಾತೆ ಖಾಲಿ, ಮೇಲೆ 2,000 ಸಾಲದು. ಅದೇ ಹತ್ತನೇ ತಿಂಗಳು ಅಕ್ರೂಯಲ್ ವರದಿ 4,000 ಲಾಭ ತೋರಿಸುತ್ತಿರುತ್ತದೆ! ಲಾಭದಲ್ಲಿರುವ ಕಂಪನಿಗೆ ಸಂಬಳ ಕೊಡಲು ದುಡ್ಡಿಲ್ಲ. ಚಂದಾ ವ್ಯಾಪಾರದಲ್ಲಿ ಇದು ಅಪರೂಪದ ಸಂಗತಿ ಏನಲ್ಲ. ಅಕ್ರೂಯಲ್ ಒಂದನ್ನೇ ನೋಡಿಕೊಂಡು ಕೂರುವವರಿಗೂ ಹಾಗಾಗಿ ಒಂದು ಎಚ್ಚರಿಕೆ ಬೇಕು. ಅದು ದುಡಿಮೆ ಹೇಳುತ್ತದೆ, ಕೈಯಲ್ಲಿರುವ ಕಾಸು ಹೇಳುವುದಿಲ್ಲ.

ಹಾಗಂತ 1,10,000 ಪೂರ್ತಿ ಮುಟ್ಟಲೇಬಾರದು ಅಂತಲೂ ಅಲ್ಲ. ಡಿಫರ್ಡ್ ರೆವಿನ್ಯೂ ಹೊಣೆಯ ಸಾಲಿನಲ್ಲಿ ಇರುವುದನ್ನು ನೋಡಿ ಅದು ಸಾಲವೇ ಅಂತ ತುಂಬಾ ಜನ ಗಾಬರಿಯಾಗುತ್ತಾರೆ. ಬ್ಯಾಂಕ್ ಸಾಲವನ್ನು ದುಡ್ಡು ಕೊಟ್ಟೇ ತೀರಿಸಬೇಕು. ಇದು ಸೇವೆ ಕೊಟ್ಟರೆ ತೀರುತ್ತದೆ. ನಿಮ್ಮ 15,000 ಖರ್ಚಿನಲ್ಲಿ ಸರ್ವರ್, ಗ್ರಾಹಕರ ಸಹಾಯ ಇಷ್ಟಕ್ಕೆ ಎಷ್ಟು ಹೋಗುತ್ತದೆ ಅಂತ ನನಗೆ ಗೊತ್ತಿಲ್ಲ. 6,000 ಅಂದುಕೊಂಡರೆ, ಈಗಿರುವ ಗ್ರಾಹಕರಿಗೆ ಉಳಿದ ಹನ್ನೊಂದು ತಿಂಗಳ ಸೇವೆ ಕೊಡಲು 66,000 ಸಾಕು. ಹೊಸ ಫೀಚರ್ ಮಾಡುವ ಖರ್ಚು, ಪ್ರಚಾರದ ಖರ್ಚು ಈ ಹೊಣೆಗೆ ಸೇರುವುದಿಲ್ಲ. ಕಂಪನಿ ಬದುಕಲು ಅವೂ ಬೇಕು ಅನ್ನುವುದು ಬೇರೆ ಮಾತು.

ಎಷ್ಟು ತೆಗೆಯಬಹುದು ಅಂತ ಕೇಳಿದರೆ ನಾನು ಸಾಮಾನ್ಯವಾಗಿ ಹೀಗೆ ಲೆಕ್ಕ ಹಾಕಿಸುತ್ತೇನೆ. ಮುಂದಿನ ದೊಡ್ಡ ರಿನ್ಯೂವಲ್ ತಿಂಗಳು ಯಾವುದು? ನಿಮ್ಮದು ಹದಿಮೂರನೇ ತಿಂಗಳು. ಅಲ್ಲಿಯವರೆಗೆ ಹನ್ನೊಂದು ತಿಂಗಳ ಖರ್ಚು 1,65,000. ಹೊಸ ಮಾರಾಟ ನಿಮ್ಮ ಅಂದಾಜಿನ ಅರ್ಧ ಮಾತ್ರ ಬಂತು ಅಂದುಕೊಳ್ಳಿ, ಅಂದರೆ 66,000. ಕೊರತೆ 99,000. ಬ್ಯಾಂಕಿನಲ್ಲಿರುವುದು 1,05,000. ನಿಶ್ಚಿಂತೆಯಿಂದ ತೆಗೆಯಬಹುದಾದದ್ದು ಆರು ಸಾವಿರದಷ್ಟು. ಅಂದಾಜಿನಷ್ಟೇ ಮಾರಾಟವಾದರೆ ಕೊರತೆ 33,000ಕ್ಕೆ ಇಳಿಯುತ್ತದೆ ಅನ್ನುವುದು ನಿಜ. ಆದರೆ ಶುರುವಾಗಿ ಒಂದು ತಿಂಗಳಾದ ಕಂಪನಿಯ ಅಂದಾಜನ್ನು ಪೂರ್ತಿ ನಂಬಿ ದುಡ್ಡು ಹೊರಗೆ ತೆಗೆಯಿರಿ ಅಂತ ನಾನಂತೂ ಹೇಳುವುದಿಲ್ಲ. ಇನ್ನೊಂದು ವಿಷಯ: ನಿಮ್ಮದು ನೋಂದಾಯಿತ ಕಂಪನಿಯಾದರೆ, ಲಾಭವಿಲ್ಲದೆ ಲಾಭಾಂಶ ಹಂಚಲು ಅನೇಕ ದೇಶಗಳ ಕಾನೂನು ಬಿಡುವುದಿಲ್ಲ. ಅಕ್ರೂಯಲ್ ಪ್ರಕಾರ ನಿಮಗೆ ಇನ್ನೂ ಲಾಭವೇ ಬಂದಿಲ್ಲ.

ರಿನ್ಯೂವಲ್ ಅಂದ ಮೇಲೆ ಅದನ್ನೂ ಸ್ವಲ್ಪ ನೋಡಿಬಿಡೋಣ. ಹದಿಮೂರನೇ ತಿಂಗಳು ಮೊದಲ ನೂರರಲ್ಲಿ 70 ಜನ ಮಾತ್ರ ಮುಂದುವರಿಸಿದರು, ಹೊಸಬರು 10 ಜನ ಬಂದರು ಅನ್ನೋಣ. ಕ್ಯಾಶ್ ಲೆಕ್ಕದಲ್ಲಿ 96,000 ಬಂತು, 81,000 ಉಳಿಯಿತು. ಹಿಂದಿನ ತಿಂಗಳು 3,000 ಕಡಿಮೆ ಬಿದ್ದಿತ್ತು, ಈಗ ಮತ್ತೆ ಹಬ್ಬ. ಅಕ್ರೂಯಲ್ ಲೆಕ್ಕದಲ್ಲಿ ಆದಾಯ 21,000ದಿಂದ 19,000ಕ್ಕೆ ಇಳಿಯಿತು. ಮೊದಲ ಸಲ ಇಳಿಕೆ. 30 ಜನ ಬಿಟ್ಟುಹೋದ ಪೆಟ್ಟು ಅಲ್ಲೇ, ಅದೇ ತಿಂಗಳೇ ಕಾಣುತ್ತದೆ. ಕ್ಯಾಶ್ ವರದಿಯಲ್ಲಿ ಅದನ್ನು ಹಿಡಿಯಬೇಕಾದರೆ ಹಿಂದಿನ ವರ್ಷದ ಇದೇ ತಿಂಗಳನ್ನು ತೆಗೆದು ಹೋಲಿಸಬೇಕು. ಸಂಭ್ರಮದಲ್ಲಿ ಯಾರೂ ಹಾಗೆ ಮಾಡುವುದಿಲ್ಲ.

ಈಗ ಒಂದು ತಪ್ಪು ತಿಳಿವಳಿಕೆ. ಅಕ್ರೂಯಲ್ ಅಂದರೆ ಬಿಲ್ ಹಾಕಿದ ದಿನವೇ ಆದಾಯ ಬರೆಯುವುದು ಅಂತ ಬಹಳ ಜನ ತಿಳಿದಿದ್ದಾರೆ. ಒಂದೇ ಸಲಕ್ಕೆ ಮುಗಿಯುವ ಮಾರಾಟದಲ್ಲಿ ಹಾಗೆ ಮಾಡಿದರೂ ಹೆಚ್ಚು ವ್ಯತ್ಯಾಸ ಆಗದು. ಚಂದಾದಲ್ಲಿ ಅದು ಪೂರ್ತಿ ತಪ್ಪು. ಐಎಫ್‌ಆರ್‌ಎಸ್ 15 ಅನ್ನುವ ಅಂತರರಾಷ್ಟ್ರೀಯ ಮಾನದಂಡ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕೊಟ್ಟ ಮಾತು ನೆರವೇರಿದಂತೆಲ್ಲ ಆದಾಯ ಬರೆಯಬೇಕು. ವರ್ಷಪೂರ್ತಿ ಬಳಸಲು ಬಿಡುತ್ತೇವೆ ಅನ್ನುವುದು ನಿಮ್ಮ ಮಾತಾದರೆ, ಅದು ದಿನದಿನವೂ ಸ್ವಲ್ಪ ಸ್ವಲ್ಪವೇ ನೆರವೇರುತ್ತದೆ.

ಇದನ್ನು ಹೇಳಲು ಕಾರಣ ಇದೆ. ಚಿಕ್ಕ ಕಂಪನಿಗಳು ಬಳಸುವ ಅನೇಕ ಅಕೌಂಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ವರದಿಯ ಮೇಲೆ ಕ್ಯಾಶ್, ಅಕ್ರೂಯಲ್ ಅಂತ ಎರಡು ಆಯ್ಕೆ ಇರುತ್ತವೆ. ಅಕ್ರೂಯಲ್ ಒತ್ತಿದರೆ ಸಾಮಾನ್ಯವಾಗಿ ಅದು ಬಿಲ್ ತಾರೀಖಿನ ಪ್ರಕಾರ ತೋರಿಸುತ್ತದೆ, ಅಷ್ಟೇ. 1,200ನ್ನು ಹನ್ನೆರಡು ತಿಂಗಳಿಗೆ ತಾನಾಗಿ ಹಂಚುವುದಿಲ್ಲ. ಬಟನ್ ಒತ್ತಿದ ಮೇಲೂ ಮೊದಲ ತಿಂಗಳ ಆದಾಯ 1,20,000 ಅಂತಲೇ ಕಂಡರೆ ಹಂಚಿಕೆ ಆಗಿಲ್ಲ ಅಂತ ತಿಳಿಯಿರಿ. ಹಂಚಿಕೆಯ ಎಂಟ್ರಿ ಬೇರೆಯಾಗಿ ಹಾಕಬೇಕು, ಇಲ್ಲವೇ ಅದಕ್ಕೆಂದೇ ಇರುವ ಸೌಲಭ್ಯ ಆನ್ ಮಾಡಬೇಕು.

ಎಂಟ್ರಿ ಕಷ್ಟದ್ದಲ್ಲ. ಚಂದಾ ಬಂದ ದಿನ ಬ್ಯಾಂಕ್ ಡೆಬಿಟ್ 1,200, ಡಿಫರ್ಡ್ ರೆವಿನ್ಯೂ ಕ್ರೆಡಿಟ್ 1,200. ತಿಂಗಳ ಕೊನೆಗೆ ಡಿಫರ್ಡ್ ರೆವಿನ್ಯೂ ಡೆಬಿಟ್ 100, ಚಂದಾ ಆದಾಯ ಕ್ರೆಡಿಟ್ 100. ಗ್ರಾಹಕರೊಬ್ಬೊಬ್ಬರಿಗೂ ಬೇರೆ ಬೇರೆ ಎಂಟ್ರಿ ಬೇಡ. ಒಂದು ಶೀಟಿನಲ್ಲಿ ಎಲ್ಲರ ಹಂಚಿಕೆ ಮಾಡಿ, ತಿಂಗಳ ಒಟ್ಟು ಮೊತ್ತಕ್ಕೆ ಒಂದೇ ಎಂಟ್ರಿ ಸಾಕು.

ಶೀಟ್ ಹೀಗಿರಲಿ. A ಕಾಲಂನಲ್ಲಿ ಗ್ರಾಹಕರು, B ಶುರುವಾದ ತಾರೀಖು, C ಮುಗಿಯುವ ತಾರೀಖು, D ತೆರಿಗೆ ಬಿಟ್ಟ ಮೊತ್ತ. F ಕಾಲಂನಿಂದ ಮುಂದಕ್ಕೆ ಒಂದೊಂದು ತಿಂಗಳು. ಮೊದಲ ಸಾಲಿನಲ್ಲಿ ಆ ತಿಂಗಳ ಮೊದಲ ದಿನ, ಎರಡನೇ ಸಾಲಿನಲ್ಲಿ ಕೊನೆಯ ದಿನ. ಗ್ರಾಹಕರು ಮೂರನೇ ಸಾಲಿನಿಂದ. F3ಯಲ್ಲಿ ಇದನ್ನು ಹಾಕಿ ಬಲಕ್ಕೂ ಕೆಳಕ್ಕೂ ಎಳೆಯಿರಿ:

```
=MAX(0, MIN($C3,F$2)-MAX($B3,F$1)+1)/($C3-$B3+1)*$D3
```

ಆ ತಿಂಗಳಲ್ಲಿ ಚಂದಾ ಎಷ್ಟು ದಿನ ಚಾಲ್ತಿಯಲ್ಲಿತ್ತೋ ಅಷ್ಟು ದಿನದ ಪಾಲನ್ನು ಇದು ತೆಗೆಯುತ್ತದೆ. 30 ದಿನದ ತಿಂಗಳಲ್ಲಿ 20ನೇ ತಾರೀಖು ಸೇರಿದವರಿಗೆ ಆ ತಿಂಗಳು 11 ದಿನ. 1,200ರಲ್ಲಿ 365ಕ್ಕೆ 11ರ ಪಾಲು, ಅಂದರೆ 36.16. ಇಷ್ಟು ಸೂಕ್ಷ್ಮ ಬೇಡ ಅನಿಸಿದರೆ ಸೇರಿದ ತಿಂಗಳನ್ನು ಪೂರ್ತಿ ತಿಂಗಳು ಅಂತ ಹಿಡಿಯಬಹುದು. ಚಿಕ್ಕ ಕಂಪನಿಗೆ ಅದರಿಂದ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಆದರೆ ಮಧ್ಯದಲ್ಲಿ ಬದಲಾಯಿಸಬೇಡಿ.

ತಿಂಗಳ ಕೊನೆಗೆ ಒಂದು ತಾಳೆ ನೋಡುವುದು ಕಡ್ಡಾಯ. ಹಿಂದಿನ ಬಾಕಿಗೆ ಹೊಸ ಚಂದಾ ಕೂಡಿ, ಈ ತಿಂಗಳ ಆದಾಯ ಕಳೆಯಿರಿ, ವಾಪಸ್ ಕೊಟ್ಟಿದ್ದರೆ ಅದನ್ನೂ ಕಳೆಯಿರಿ. ನಿಮ್ಮ ಎರಡನೇ ತಿಂಗಳಿಗೆ 1,10,000ಕ್ಕೆ 12,000 ಕೂಡಿ 11,000 ಕಳೆದರೆ 1,11,000. ಶೀಟಿನಲ್ಲಿ ಮುಂದಿನ ತಿಂಗಳುಗಳ ಕಾಲಂಗಳನ್ನೆಲ್ಲ ಕೂಡಿದರೂ ಅಷ್ಟೇ ಬರಬೇಕು. ಇದು ಪೂರ್ತಿ ತಿಂಗಳ ಲೆಕ್ಕ; ದಿನದ ಸೂತ್ರ ಬಳಸಿದರೆ ತಿಂಗಳ ಆದಾಯವೂ ಬಾಕಿಯೂ ಸ್ವಲ್ಪ ಬೇರೆಯಾಗುತ್ತವೆ, ಆದರೆ ತಾಳೆ ಆಗಲೇಬೇಕು. ಲೆಡ್ಜರ್‌ನಲ್ಲೂ ಅದೇ ಇರಬೇಕು.

ತಾಳೆಯಾಗದಿದ್ದರೆ ನಾನು ಮೊದಲು ಹುಡುಕುವುದು ಪೇಮೆಂಟ್ ಗೇಟ್‌ವೇ ಕಡೆ. ಗೇಟ್‌ವೇ ತನ್ನ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಕಳಿಸುತ್ತದೆ. ಶುಲ್ಕ ನೂರಕ್ಕೆ 3 ಅಂದುಕೊಂಡರೆ 1,200ಕ್ಕೆ ಬ್ಯಾಂಕಿಗೆ ಬರುವುದು 1,164. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಬರೆಯುವವರು ಸುಮ್ನೆ 1,164ನ್ನೇ ಚಂದಾ ಅಂತ ಬರೆದುಬಿಡುತ್ತಾರೆ. ನೂರು ಜನರಿಗೆ 3,600 ಕಡಿಮೆ. ಡಿಫರ್ಡ್ ರೆವಿನ್ಯೂಗೆ ಹೋಗಬೇಕಾದದ್ದು ಪೂರ್ತಿ 1,200, ಆ 36 ಖರ್ಚು. ಇದರ ಇನ್ನೊಂದು ಬದಿ ತೆರಿಗೆ. ಗ್ರಾಹಕರಿಂದ ಚಂದಾ ಜೊತೆ ವಸೂಲಿ ಮಾಡಿದ ಮಾರಾಟ ತೆರಿಗೆ ನಿಮ್ಮ ದುಡ್ಡೇ ಅಲ್ಲ. ಅದು ಆದಾಯಕ್ಕೂ ಹೋಗಬಾರದು, ಡಿಫರ್ಡ್‌ಗೂ ಹೋಗಬಾರದು. ತೆರಿಗೆ ಬಾಕಿಯ ಖಾತೆಗೆ ನೇರವಾಗಿ ಹೋಗಬೇಕು, ಮತ್ತು ಅದನ್ನು ಹನ್ನೆರಡು ತಿಂಗಳಿಗೆ ಹಂಚುವ ಹಾಗಿಲ್ಲ.

ಎರಡನೇ ಜಾಗ ವಾಪಸಾತಿ. ನಾಲ್ಕು ತಿಂಗಳು ಬಳಸಿ ಒಬ್ಬರು ಬಿಟ್ಟರು, ಉಳಿದ 800 ವಾಪಸ್ ಕೊಟ್ಟಿರಿ. ಇದು ಪೂರ್ತಿ ಡಿಫರ್ಡ್ ಬಾಕಿಯಿಂದ ಹೋಗಬೇಕು. ಆದಾಯ ಮುಟ್ಟಬೇಕಾಗಿಲ್ಲ, ಯಾಕೆಂದರೆ ಆ 800ನ್ನು ನೀವು ಆದಾಯ ಅಂತ ಬರೆದೇ ಇಲ್ಲ. ಮನಸ್ಸು ಕರಗಿ ಪೂರ್ತಿ 1,200 ಕೊಟ್ಟರೆ ಮಾತ್ರ ಉಳಿದ 400 ಆದಾಯದಿಂದ ಕಡಿತ. ಶೀಟಿನಲ್ಲಿ ಆ ಗ್ರಾಹಕರ ಮುಗಿಯುವ ತಾರೀಖು ಮತ್ತು ಮೊತ್ತ ಎರಡನ್ನೂ ತಿದ್ದಬೇಕು. ಮರೆತರೆ ಬಿಟ್ಟುಹೋದವರಿಂದ ಎಂಟು ತಿಂಗಳು ಆದಾಯ ಬರುತ್ತಲೇ ಇರುತ್ತದೆ, ಕಾಗದದ ಮೇಲೆ.

ಪುಸ್ತಕ ಬದಲಾಯಿಸಬೇಕಾ ಅಂತ ಕೇಳಿದ್ದೀರಿ. ನಿಮ್ಮ ಮುಂದೆ ಇರುವ ದಾರಿಗಳಲ್ಲಿ ಅತಿ ಹಗುರವಾದದ್ದು ಪುಸ್ತಕವನ್ನು ಕ್ಯಾಶ್‌ನಲ್ಲೇ ಬಿಟ್ಟು, ಮೇಲಿನ ಶೀಟನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು. ಕೆಲಸ ಕಡಿಮೆ. ಆದರೆ ಶೀಟ್ ಲೆಡ್ಜರ್‌ಗೆ ಕಟ್ಟಿಹಾಕಿರುವುದಿಲ್ಲ. ಎರಡು ತಿಂಗಳು ಯಾರೂ ತುಂಬದಿದ್ದರೆ ಗೊತ್ತೂ ಆಗುವುದಿಲ್ಲ. ನನಗೆ ಹಿಡಿಸುವುದು ಮಧ್ಯದ ದಾರಿ: ಚಂದಾಕ್ಕೆ ಮಾತ್ರ ಡಿಫರ್ಡ್ ಎಂಟ್ರಿ, ಚಿಲ್ಲರೆ ಖರ್ಚುಗಳನ್ನು ಕೊಟ್ಟಾಗಲೇ ಬರೆಯುವುದು. ನಿಮ್ಮ ಲೆಕ್ಕದಲ್ಲಿ ಗೊಂದಲ ಮಾಡುತ್ತಿರುವುದು ಚಂದಾ ಒಂದೇ. ಒಂದು ಅಪಾಯವಿದೆ. ನೀವೂ ದೊಡ್ಡ ಖರ್ಚನ್ನು ವರ್ಷಕ್ಕೆ ಒಮ್ಮೆ ಕಟ್ಟುತ್ತಿದ್ದರೆ, ಉದಾಹರಣೆಗೆ ಸರ್ವರ್ ಬಾಡಿಗೆಯನ್ನೇ ಮುಂಗಡ ಕೊಟ್ಟಿದ್ದರೆ, ಅದನ್ನೂ ಹಂಚಲೇಬೇಕು. ಇಲ್ಲದಿದ್ದರೆ ಆದಾಯ ಹನ್ನೆರಡು ಪಾಲು, ಖರ್ಚು ಒಂದೇ ಪಾಲು ಆಗಿ ಆ ತಿಂಗಳು ಸುಳ್ಳು ನಷ್ಟ ಕಾಣುತ್ತದೆ. ಪೂರ್ತಿ ಅಕ್ರೂಯಲ್ ಬೇಕಾಗುವುದು ಹೊರಗಿನವರು ಪುಸ್ತಕ ನೋಡುವಾಗ: ಹೂಡಿಕೆದಾರರು, ಸಾಲ ಕೊಡುವವರು, ಆಡಿಟ್. ಅವರು ಡಿಫರ್ಡ್ ರೆವಿನ್ಯೂ ಎಷ್ಟು ಅಂತ ಮೊದಲೇ ಕೇಳುತ್ತಾರೆ.

ತೆರಿಗೆಯ ವಿಷಯವನ್ನು ಇದಕ್ಕೆ ಬೆರೆಸಬೇಡಿ. ಚಿಕ್ಕ ವ್ಯಾಪಾರಕ್ಕೆ ಕ್ಯಾಶ್ ಲೆಕ್ಕದಲ್ಲೇ ತೆರಿಗೆ ಕಟ್ಟಲು ಅನೇಕ ದೇಶಗಳು ಬಿಡುತ್ತವೆ. ಕೆಲವು ಕಡೆ ಪುಸ್ತಕದಲ್ಲಿ ಮುಂದಕ್ಕೆ ಹಾಕಿದ ಆದಾಯಕ್ಕೂ ದುಡ್ಡು ಬಂದ ವರ್ಷವೇ ತೆರಿಗೆ ಬೀಳುತ್ತದೆ. ಪದ್ಧತಿ ಬದಲಿಸಲು ಅನುಮತಿ ಬೇಕಾದ ಜಾಗಗಳೂ ಇವೆ. ಹಾಗಾಗಿ ರಿಟರ್ನ್‌ನಲ್ಲಿ ಯಾವ ಪದ್ಧತಿ ಹಾಕಿದ್ದೀರಿ ಅನ್ನುವುದನ್ನು ನಿಮ್ಮ ಅಕೌಂಟೆಂಟ್ ಹತ್ತಿರ ಕೇಳಿ, ಅವರು ಒಪ್ಪುವ ತನಕ ಅದನ್ನು ಮುಟ್ಟಬೇಡಿ. ಒಳಗಿನ ವರದಿ ಒಂದು ರೀತಿ, ರಿಟರ್ನ್ ಇನ್ನೊಂದು ರೀತಿ ಇರುವುದು ಕಳ್ಳಲೆಕ್ಕವಲ್ಲ. ಎರಡರ ನಡುವಿನ ವ್ಯತ್ಯಾಸವನ್ನು ಒಂದು ಪುಟದಲ್ಲಿ ತೋರಿಸಲು ಬಂದರೆ ಸಾಕು.

ನಿಮಗೆ ಒಂದು ಅನುಕೂಲ ಇದೆ, ಒಂದೇ ತಿಂಗಳು ಕಳೆದಿದೆ. ಈಗಲೇ 1,20,000ನ್ನು ಆದಾಯದಿಂದ ತೆಗೆದು ಡಿಫರ್ಡ್‌ಗೆ ಹಾಕಿ, 10,000 ವಾಪಸ್ ಆದಾಯಕ್ಕೆ ತಂದರೆ ಮುಗಿಯಿತು. ವರ್ಷಗಟ್ಟಲೆ ಕ್ಯಾಶ್‌ನಲ್ಲಿ ಬರೆದು ಆಮೇಲೆ ಬದಲಿಸುವವರು ಇದನ್ನು ಓದುತ್ತಿದ್ದರೆ, ಅವರಿಗೆ ಇನ್ನೊಂದು ಹೆಜ್ಜೆ ಇದೆ. ಬದಲಿಸುವ ದಿನ ಚಾಲ್ತಿಯಲ್ಲಿರುವ ಎಲ್ಲ ಚಂದಾಗಳ ಉಳಿದ ಭಾಗವನ್ನು ಕೂಡಿ, ಹಿಂದಿನ ವರ್ಷಗಳ ಉಳಿಕೆ ಲಾಭ ಡೆಬಿಟ್, ಡಿಫರ್ಡ್ ರೆವಿನ್ಯೂ ಕ್ರೆಡಿಟ್ ಮಾಡಬೇಕು. ಮೇಲಿನ ಉದಾಹರಣೆಯಲ್ಲಿ ವರ್ಷದ ಕೊನೆಗೆ ಬದಲಿಸಿದರೆ ಅದು 66,000. ಈ ಎಂಟ್ರಿ ಇಲ್ಲದೆ ಹೊಸ ಮಾರಾಟವನ್ನು ಮಾತ್ರ ಹಂಚಲು ಶುರು ಮಾಡಿದರೆ ಎರಡನೇ ವರ್ಷದ ಮೊದಲ ತಿಂಗಳುಗಳು ಬರಗಾಲದಂತೆ ಕಾಣುತ್ತವೆ. ಹಳೆಯವರ ಹಂಚಿಕೆಯನ್ನೂ ಶೀಟಿಗೆ ಸೇರಿಸಿ ಈ ಎಂಟ್ರಿ ಮರೆತರೆ ಅದೇ 66,000 ಎರಡು ಸಲ ಆದಾಯವಾಗುತ್ತದೆ, ಡಿಫರ್ಡ್ ಖಾತೆಯ ಬಾಕಿ ಇರಬೇಕಾದದ್ದಕ್ಕಿಂತ ಅಷ್ಟು ಕಡಿಮೆ ತೋರಿಸುತ್ತದೆ. ಕೆಲವೊಮ್ಮೆ ಡೆಬಿಟ್ ಕಡೆಗೇ ತಿರುಗಿಬಿಡುತ್ತದೆ. ಹೊಣೆಯ ಖಾತೆ ಡೆಬಿಟ್ ಬಾಕಿ ತೋರಿಸಿದರೆ ಬೇರೆಲ್ಲೂ ಹುಡುಕಬೇಡಿ, ಮೊದಲು ಈ ಎಂಟ್ರಿ ಇದೆಯಾ ನೋಡಿ.

ಪಾಲುದಾರರ ಜೊತೆ ಕೂತಾಗ ಎರಡು ಅಂಕಿ ಒಂದೇ ಕಾಗದದಲ್ಲಿ ಬರೆದು ತೋರಿಸಿ: ಬ್ಯಾಂಕಿನಲ್ಲಿ 1,05,000, ಡಿಫರ್ಡ್ ಬಾಕಿ 1,10,000. ಕೆಳಗೆ ಹತ್ತನೇ ತಿಂಗಳ ಲೆಕ್ಕವನ್ನೂ ಹಾಕಿ. 80,000ದ ಮಾತು ಆಮೇಲೆ ಮುಂದುವರಿಸಬಹುದು.